ಹೀಬ್ರೂ ಭಾಷೆಯ ನಿರಪೇಕ್ಷ ಭಾವರೂಪ

ಹೀಬ್ರೂ ಭಾಷೆಯಲ್ಲಿ ಒಂದೇ ಕ್ರಿಯಾಧಾತುವಿನಿಂದ ಎರಡು ಭಾವರೂಪಗಳು ಹುಟ್ಟುತ್ತವೆ. ಒಂದು ಕನ್ನಡದ ‘ನೋಡಲು’, ‘ನೋಡುವುದಕ್ಕೆ’ ಎಂಬ ರೂಪಗಳಂತೆ ವಾಕ್ಯದಲ್ಲಿ ಬೇರೆ ಪದಗಳೊಡನೆ ಹೊಂದಿಕೊಳ್ಳುತ್ತದೆ. ಅದರ ಮೊದಲಿಗೆ ‘ಗೆ’, ‘ಅಲ್ಲಿ’, ‘ಇಂದ’ ಎಂಬರ್ಥದ ಉಪಸರ್ಗಗಳು ಬರಬಹುದು, ಕೊನೆಗೆ ‘ನನ್ನ’, ‘ಅವನ’ ಎಂಬ ಸರ್ವನಾಮ ಪ್ರತ್ಯಯಗಳು ಅಂಟಬಹುದು. ಇದನ್ನು ಸಾಪೇಕ್ಷ ಭಾವರೂಪ ಎನ್ನಬಹುದು. ಇನ್ನೊಂದು ಇಂಥ ನಂಟುಗಳನ್ನು ಬಹುಮಟ್ಟಿಗೆ ದೂರವೇ ಇಟ್ಟು, ಧಾತುವಿನ ಅರ್ಥವನ್ನಷ್ಟೇ ಹೊತ್ತು ಒಂಟಿಯಾಗಿ ನಿಲ್ಲುತ್ತದೆ. ಯಾರು ಮಾಡಿದರು, ಯಾವಾಗ ಮಾಡಿದರು, ಎಷ್ಟು ಜನ ಮಾಡಿದರು ಎಂಬ ಯಾವ ಸುಳಿವೂ ಅದರಲ್ಲಿಲ್ಲ. ಇದೇ ನಿರಪೇಕ್ಷ ಭಾವರೂಪ. ಹೀಬ್ರೂ ವೈಯಾಕರಣರು ಇದನ್ನು ‘ಮಾಕೋರ್ ಮುಹ್ಲಾಟ್’ ಎಂದು ಕರೆಯುತ್ತಾರೆ. ‘ಮಾಕೋರ್’ ಎಂದರೆ ಮೂಲ ಅಥವಾ ಚಿಲುಮೆ. ಇಂಗ್ಲಿಷಿನಲ್ಲಿ ಬರೆದ ವ್ಯಾಕರಣಗಳಲ್ಲಿ ಇದು ಇನ್ಫಿನಿಟಿವ್ ಅಬ್ಸಲ್ಯೂಟ್.

ಇದರ ಹೆಚ್ಚಿನ ಬಳಕೆ ಇರುವುದು ಬೈಬಲ್ಲಿನ ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿ. ಅಲ್ಲಿ ಈ ರೂಪ ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ: ತನ್ನದೇ ಧಾತುವಿನ ಕ್ರಿಯಾಪದದ ಪಕ್ಕ ನಿಂತು ಮಾತಿಗೆ ಒತ್ತು ಕೊಡುತ್ತದೆ, ಇಲ್ಲವೇ ಕ್ರಿಯೆ ಯಾವ ರೀತಿಯಲ್ಲಿ ನಡೆಯಿತು ಎಂಬುದನ್ನು ತೋರಿಸುತ್ತದೆ. ಮೂರನೆಯದಾಗಿ, ಕ್ರಿಯಾಪದವೇ ಇಲ್ಲದ ಕಡೆ ಅದರ ಸ್ಥಾನವನ್ನೂ ತುಂಬುತ್ತದೆ.

ರೂಪ

ಹೀಬ್ರೂ ಧಾತುಗಳು ಸಾಮಾನ್ಯವಾಗಿ ಮೂರು ವ್ಯಂಜನಗಳಿಂದ ಆದವು. ಅವು ‘ಬಿನ್ಯಾನ್’ ಎಂಬ ಏಳು ಅಚ್ಚುಗಳಲ್ಲಿ ರೂಪ ತಾಳುತ್ತವೆ. ‘ಕಾಲ್’ ಎಂಬ ಸರಳ ಅಚ್ಚಿನಲ್ಲಿ ನಿರಪೇಕ್ಷ ಭಾವರೂಪದ ಗುರುತು ಮೊದಲ ವ್ಯಂಜನದ ಮೇಲಿನ ‘ಆ’ ಮತ್ತು ಎರಡನೆಯದರ ಮೇಲಿನ ದೀರ್ಘ ‘ಓ’. ಕಾಯುವುದು ಎಂಬರ್ಥದ ಧಾತುವಿನಿಂದ ‘ಶಾಮೋರ್’, ನೆನೆಯುವುದು ಎಂಬರ್ಥದ ಧಾತುವಿನಿಂದ ‘ಜಾಖೋರ್’, ನಡೆಯುವುದಕ್ಕೆ ‘ಹಾಲೋಖ್’. ಸಾಪೇಕ್ಷ ರೂಪದಲ್ಲಿ ಆ ‘ಆ’ ಕಾರ ಸವೆದು ‘ಶೆಮೋರ್’ ಆಗುತ್ತದೆ. ಕೆಲವು ಧಾತುಗಳಲ್ಲಿ ಈ ಎರಡರ ಅಂತರ ಇನ್ನೂ ಹೆಚ್ಚು. ‘ಹೊರಡು’ ಎಂಬುದರ ಸಾಪೇಕ್ಷ ರೂಪ ‘ತ್ಸೇತ್’, ಮೊದಲ ವ್ಯಂಜನವೇ ಅಲ್ಲಿ ಉದುರಿಹೋಗಿದೆ. ನಿರಪೇಕ್ಷ ರೂಪವಾದ ‘ಯಾತ್ಸೋ’ದಲ್ಲಿ ಮೂರೂ ವ್ಯಂಜನಗಳಿಗೆ ಸ್ಥಾನವಿದೆ. ಧಾತುವನ್ನು ಇಡಿಯಾಗಿ ಉಳಿಸಿಕೊಳ್ಳುವ ಈ ಗುಣದಿಂದಾಗಿ, ಒತ್ತು ಕೊಡಬೇಕಾದ ಕಡೆ ಧಾತುವಿನ ದನಿಯನ್ನು ಇನ್ನೊಮ್ಮೆ ಕೇಳಿಸಲು ಇದು ಚೆನ್ನಾಗಿ ಒದಗುತ್ತದೆ.

ಸ್ವರಚಿಹ್ನೆಗಳಿಲ್ಲದೆ ಬರೆದಾಗ ‘ಜಾಖೋರ್’ ಎಂಬ ನಿರಪೇಕ್ಷ ರೂಪಕ್ಕೂ ‘ಜೆಖೋರ್’ ಎಂಬ ವಿಧಿರೂಪಕ್ಕೂ ಅಕ್ಷರಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮಧ್ಯಯುಗದ ಆರಂಭದಲ್ಲಿ ಮಸೋರೆಟರು ಎಂಬ ಪಾಠರಕ್ಷಕರು ಸ್ವರಚಿಹ್ನೆ ಹಾಕಿ, ಪರಂಪರೆಯಿಂದ ಬಂದ ಉಚ್ಚಾರಣೆಯನ್ನು ಭದ್ರಪಡಿಸಿದ್ದರಿಂದಲೇ ಇವನ್ನು ಇಂದು ಬೇರೆ ಮಾಡಲು ಸಾಧ್ಯ. ಇನ್ನು ಕೆಲವು ಕಡೆ ಸ್ವರಚಿಹ್ನೆಯೂ ನೆರವಾಗುವುದಿಲ್ಲ. ‘ಬರು’ ಎಂಬ ಧಾತುವಿನಲ್ಲಿ ಎರಡು ಭಾವರೂಪಗಳೂ ‘ಬೋ’ ಎಂದೇ ಇವೆ. ಆಗ ಓದುಗ ನೋಡಬೇಕಾದದ್ದು ಅಕ್ಕಪಕ್ಕದ ಪದಗಳನ್ನು: ಮೊದಲಿಗೆ ಉಪಸರ್ಗವಿದ್ದರೆ ಸಾಪೇಕ್ಷವೆಂದೂ, ಅದೇ ಧಾತುವಿನ ಕ್ರಿಯಾಪದ ಪಕ್ಕದಲ್ಲೇ ಇದ್ದರೆ ನಿರಪೇಕ್ಷವೆಂದೂ ಬಹುತೇಕ ನಿರ್ಧರಿಸಬಹುದು.

ಒತ್ತು ಕೊಡುವ ಜೋಡಿ

ಅತ್ಯಂತ ಪರಿಚಿತವಾದ ಬಳಕೆಯಲ್ಲಿ ನಿರಪೇಕ್ಷ ಭಾವರೂಪ ತನ್ನದೇ ಧಾತುವಿನ ಕ್ರಿಯಾಪದಕ್ಕೆ ಮುಂಚೆ ಬರುತ್ತದೆ. ಆದಿಕಾಂಡದ 2ನೆಯ ಅಧ್ಯಾಯದ ‘ಮೋತ್ ತಾಮೂತ್’ ಇದರ ಪ್ರಸಿದ್ಧ ನಿದರ್ಶನ. ‘ತಾಮೂತ್’ ಎಂದರೆ ‘ನೀನು ಸಾಯುವೆ’, ‘ಮೋತ್’ ಎಂದರೆ ಬರಿಯ ‘ಸಾಯುವುದು’. ಎರಡೂ ಸೇರಿದಾಗ ಬರುವ ಅರ್ಥ ಕನ್ನಡದಲ್ಲಿ ‘ಸತ್ತೇ ಸಾಯುವೆ’. ಕನ್ನಡ ಬಲ್ಲವರಿಗೆ ಈ ರಚನೆ ಹೊಸದೆನಿಸಲಾರದು. ‘ಬಂದೇ ಬರುತ್ತಾನೆ’, ‘ಮಾಡಿಯೇ ಮಾಡುತ್ತೇನೆ’, ‘ಕೇಳಿಯೇ ಕೇಳುತ್ತಾರೆ’ ಎನ್ನುವಾಗ ನಾವೂ ಒಂದೇ ಧಾತುವನ್ನು ಎರಡು ಸಲ ಹೇಳುತ್ತೇವೆ. ವ್ಯತ್ಯಾಸವಿರುವುದು ಇಷ್ಟರಲ್ಲಿ: ಕನ್ನಡದಲ್ಲಿ ಒತ್ತಿನ ಭಾರವನ್ನು ಹೊರುವುದು ‘ಏ’ ಎಂಬ ಅವಧಾರಣೆಯ ಪ್ರತ್ಯಯ. ಹೀಬ್ರೂವಿನ ಈ ಜೋಡಿಯಲ್ಲಿ ಅಂಥ ಪ್ರತ್ಯಯವಿಲ್ಲ, ಪುನರುಕ್ತಿಯೇ ಒತ್ತು.

ಈ ಒತ್ತು ಬೀಳುವುದು ಯಾವುದರ ಮೇಲೆ ಎಂಬಲ್ಲಿ ಅನೇಕರು ಎಡವುತ್ತಾರೆ. ಧಾತು ಎರಡು ಸಲ ಬಂದಿರುವುದರಿಂದ ಕ್ರಿಯೆಯೇ ಹೆಚ್ಚು ತೀವ್ರವಾಯಿತು, ಅಥವಾ ಎರಡು ಸಲ ನಡೆಯಿತು ಎಂದು ತಿಳಿಯುವುದುಂಟು. ‘ಮೋತ್ ತಾಮೂತ್’ ಎಂದರೆ ಎರಡು ಸಾವು, ದೇಹದ್ದೊಂದು ಆತ್ಮದ್ದೊಂದು ಎಂದೋ, ಸ್ವಲ್ಪಸ್ವಲ್ಪವಾಗಿ ಸಾಯುತ್ತ ಹೋಗುವುದು ಎಂದೋ ಬರುವ ವಿವರಣೆಗಳ ಮೂಲ ಇದೇ. ಆದರೆ ಇದೇ ಜೋಡಿ ಬೈಬಲ್ಲಿನಲ್ಲಿ ಬೇರೆ ಕಡೆಯೂ ಬಂದಿದೆ. ಅವುಗಳಲ್ಲಿ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ.

1 ಅರಸುಗಳು 2ನೆಯ ಅಧ್ಯಾಯದಲ್ಲಿ ಅರಸ ಸೊಲೊಮೋನ ಶಿಮ್ಮೀ ಎಂಬವನನ್ನು ಜೆರುಸಲೇಮಿನೊಳಗೆ ಇರಿಸಿ, ಕಿದ್ರೋನ್ ಹಳ್ಳವನ್ನು ದಾಟಿದ ದಿನ ‘ಮೋತ್ ತಾಮೂತ್’ ಎಂದು ವಿಧಿಸುತ್ತಾನೆ. ಮೂರು ವರ್ಷದ ಮೇಲೆ ಶಿಮ್ಮೀ ಓಡಿಹೋದ ಆಳುಗಳನ್ನು ಹುಡುಕಿಕೊಂಡು ಗತ್ ಊರಿಗೆ ಹೋಗಿ ಬರುತ್ತಾನೆ, ಅರಸ ಅವನನ್ನು ಕರೆಸಿ ಕೊಲ್ಲಿಸುತ್ತಾನೆ. ಇಲ್ಲಿ ಎರಡು ಸಾವೂ ಇಲ್ಲ, ಮೆಲ್ಲನೆ ಸಾಯುವುದೂ ಇಲ್ಲ; ಇದು ಅಧಿಕಾರವುಳ್ಳವನು ಹೊರಡಿಸಿದ ಮರಣದಂಡನೆಯ ಮಾತು. ಇನ್ನೊಂದು ಪ್ರಸಂಗ 1 ಸಮುವೇಲ 14ನೆಯ ಅಧ್ಯಾಯದ್ದು. ಉಪವಾಸದ ಆಣೆಯನ್ನು ತಿಳಿಯದೆ ಮುರಿದ ಮಗ ಯೋನಾತಾನನಿಗೆ ಅರಸ ಸೌಲ ಇದೇ ಎರಡು ಪದಗಳನ್ನು ಹೇಳುತ್ತಾನೆ. ಆದರೆ ಜನ ನಡುವೆ ಬಂದು ಯೋನಾತಾನನನ್ನು ಬಿಡಿಸುತ್ತಾರೆ, ಅವನು ಸಾಯುವುದಿಲ್ಲ. ‘ನಿಶ್ಚಯವಾಗಿ ಸಾಯುವೆ’ ಎಂಬುದು ಮುಂದೆ ನಡೆಯುವುದರ ಬಗ್ಗೆ ಕೊಟ್ಟ ಖಾತರಿಯಾಗಿದ್ದರೆ ಸೌಲನ ಮಾತು ಸುಳ್ಳಾಯಿತೆನ್ನಬೇಕು. ಕಥೆ ಹಾಗೆ ನೋಡುವುದಿಲ್ಲ. ನಿರಪೇಕ್ಷ ಭಾವರೂಪ ಬಲ ಕೊಟ್ಟಿರುವುದು ಹೇಳುವವನ ನಿರ್ಧಾರಕ್ಕೆ. ಸಾವಿನ ಬಗೆಗಾಗಲಿ ಅದರ ಪ್ರಮಾಣಕ್ಕಾಗಲಿ ಅದು ಏನನ್ನೂ ಸೇರಿಸಿಲ್ಲ.

ವೈಯಾಕರಣರು ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಾರೆ. ಕ್ರಿಯಾಪದದೊಳಗೆ ಎರಡು ಅಂಶಗಳಿವೆ: ಯಾವ ಕೆಲಸ ಎಂಬುದು ಒಂದು, ಆ ಕೆಲಸ ಆಗುತ್ತದೆ, ಆಗಬೇಕು, ಆಗಬಹುದು, ಆಗಲೇ ಇಲ್ಲ ಎಂಬ ನಿಲುವು ಇನ್ನೊಂದು. ನಿರಪೇಕ್ಷ ಭಾವರೂಪ ಕೆಲಸವನ್ನು ಬೇರೆಯಾಗಿ ಮೊದಲೇ ಹೆಸರಿಸಿಬಿಡುತ್ತದೆ. ಹೀಗಾಗಿ ಹಿಂದೆ ಬರುವ ಕ್ರಿಯಾಪದದ ಭಾರವೆಲ್ಲ ನಿಲುವಿನ ಮೇಲೆ ಬೀಳುತ್ತದೆ. ಆ ನಿಲುವು ಆಜ್ಞೆಯೋ, ಭರವಸೆಯೋ, ಸಂದೇಹವೋ, ಷರತ್ತೋ ಎಂಬುದನ್ನು ಸಂದರ್ಭ ನಿರ್ಧರಿಸುತ್ತದೆ. ಎಲ್ಲ ಕಡೆಯೂ ‘ನಿಶ್ಚಯವಾಗಿ’ ಎಂದು ಅನುವಾದಿಸುವ ರೂಢಿ ಈ ಬಗೆಗಳನ್ನೆಲ್ಲ ಒಂದೇ ಬಣ್ಣಕ್ಕೆ ಅದ್ದಿಬಿಡುತ್ತದೆ.

ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ವಿಧವೆಯರನ್ನೂ ಅನಾಥರನ್ನೂ ಪೀಡಿಸಬಾರದೆಂಬ ಕಟ್ಟಳೆಯ ಬೆನ್ನಿಗೇ ಬರುವ ಒಂದು ವಾಕ್ಯ ಇದನ್ನು ಹತ್ತಿರದಿಂದ ತೋರಿಸುತ್ತದೆ. ಒಂದೇ ವಾಕ್ಯದಲ್ಲಿ ಮೂರು ಜೋಡಿಗಳಿವೆ: ಪೀಡಿಸುವುದಕ್ಕೆ ‘ಅನ್ನೇ ತೆಅನ್ನೇ’, ಮೊರೆಯಿಡುವುದಕ್ಕೆ ‘ತ್ಸಾಓಕ್ ಯಿತ್ಸ್‌ಅಕ್’, ಕೇಳುವುದಕ್ಕೆ ‘ಶಾಮೋಅ ಎಶ್ಮಾ’. ಮೊದಲೆರಡಕ್ಕೂ ಮುಂಚೆ ‘ಒಂದು ವೇಳೆ’ ಎಂಬರ್ಥದ ‘ಇಮ್’ ಇದೆ. ಹಾಗಾಗಿ ಅಲ್ಲಿ ನಿಶ್ಚಯದ ಮಾತೇ ಏಳುವುದಿಲ್ಲ. ಆಗಬಾರದ್ದು ಆಗಿಯೇಬಿಟ್ಟರೆ ಎಂಬ ಷರತ್ತಿಗೆ ಬಲ ಬಂದಿದೆ. ಕನ್ನಡದಲ್ಲಿ ಅದು ‘ನೀವು ಪೀಡಿಸಿದ್ದೇ ಆದರೆ, ಅವರು ಮೊರೆಯಿಟ್ಟದ್ದೇ ಆದರೆ’ ಎಂದಾಗುತ್ತದೆ. ಮೂರನೆಯದು ದೇವರ ಉತ್ತರ. ಅಲ್ಲಿ ಮಾತ್ರ ‘ಕೇಳಿಯೇ ಕೇಳುತ್ತೇನೆ’ ಎಂಬ ವಾಗ್ದಾನದ ಬಲವಿದೆ. ಕನ್ನಡ ಎರಡು ಬೇರೆ ರಚನೆಗಳಿಂದ ಹೇಳುವುದನ್ನು ಹೀಬ್ರೂ ಒಂದೇ ಸಾಧನದಿಂದ ಹೇಳಿದೆ, ಮೂರು ಸಲ ಮರುಕಳಿಸುವ ಆ ದನಿಯಿಂದ ಅಪರಾಧ, ಮೊರೆ, ಉತ್ತರ ಮೂರನ್ನೂ ಒಂದಕ್ಕೊಂದು ಬಿಗಿದಿದೆ.

ಪ್ರಶ್ನೆಯಲ್ಲಿ ಬಂದಾಗ ಒತ್ತು ಅಪನಂಬಿಕೆಯಾಗಿ ತಿರುಗುತ್ತದೆ. ಆದಿಕಾಂಡ 37ರಲ್ಲಿ ಯೋಸೇಫ ತನ್ನ ಕನಸನ್ನು ಹೇಳಿದಾಗ ಅಣ್ಣಂದಿರು ‘ಹಮಾಲೋಖ್ ತಿಮ್ಲೋಖ್’ ಎಂದು ಕೇಳುತ್ತಾರೆ. ‘ಮಾಲೋಖ್’ ಎಂದರೆ ಅರಸನಾಗಿ ಆಳುವುದು, ಮೊದಲಿಗಿರುವ ‘ಹ’ ಪ್ರಶ್ನೆಯ ಗುರುತು. ‘ನೀನು, ನಮ್ಮನ್ನು ಆಳುವುದೇ?’ ಎಂಬ ಉರಿ ಆ ಮಾತಿನಲ್ಲಿದೆ.

ವಿರೋಧ ಮತ್ತು ನಿಷೇಧ

ಎರಡು ಕೆಲಸಗಳನ್ನು ಎದುರುಬದುರು ನಿಲ್ಲಿಸುವಾಗ ಈ ರೂಪಕ್ಕೆ ವಿಶೇಷವಾದ ಕಾಂತಿ ಬರುತ್ತದೆ. ನ್ಯಾಯಸ್ಥಾಪಕರು 15ನೆಯ ಅಧ್ಯಾಯದಲ್ಲಿ ಯೆಹೂದದ ಜನ ಸಂಸೋನನನ್ನು ಹಿಡಿದು ಫಿಲಿಷ್ಟಿಯರಿಗೆ ಒಪ್ಪಿಸಲು ಬಂದಿದ್ದಾರೆ. ನೀವೇ ನನ್ನ ಮೇಲೆ ಬೀಳುವುದಿಲ್ಲವೆಂದು ಆಣೆಯಿಡಿ ಎಂದು ಅವನು ಕೇಳುತ್ತಾನೆ. ಅವರ ಉತ್ತರದಲ್ಲಿ ಎರಡು ಜೋಡಿಗಳಿವೆ. ಕಟ್ಟುವುದಕ್ಕೆ ‘ಆಸೋರ್ ನೆಎಸೋರ್ಖಾ’, ಕೊಲ್ಲುವುದಕ್ಕೆ ‘ಹಾಮೇತ್ ಲೋ ನೆಮೀತೇಖಾ’. ‘ಲೋ’ ಎಂಬುದು ನಿಷೇಧ. ‘ನಿಶ್ಚಯವಾಗಿ ಕಟ್ಟುತ್ತೇವೆ, ನಿಶ್ಚಯವಾಗಿ ಕೊಲ್ಲುವುದಿಲ್ಲ’ ಎಂದು ಅನುವಾದಿಸಿದರೆ ಮೊದಲರ್ಧ ಬೆದರಿಕೆಯಂತೆ ಕೇಳಿಸುತ್ತದೆ. ಸಂದರ್ಭ ಬೇಡುವುದು ಸಮಾಧಾನದ ಮಾತನ್ನು. ಕನ್ನಡದಲ್ಲಿ ಅದಕ್ಕೆ ಹೇಳಿಮಾಡಿಸಿದಂಥ ರಚನೆಯಿದೆ: ‘ಕಟ್ಟುವುದೇನೋ ಕಟ್ಟುತ್ತೇವೆ, ಕೊಲ್ಲುವುದು ಮಾತ್ರ ಕೊಲ್ಲುವುದಿಲ್ಲ.’ ಇಲ್ಲಿಯೂ ಭಾವನಾಮ ಮೊದಲು ಬಂದು ಕೆಲಸವನ್ನು ಹೆಸರಿಸುತ್ತದೆ, ಅದೇ ಧಾತುವಿನ ಕ್ರಿಯಾಪದ ಹಿಂದೆ ಬಂದು ನಿಲುವನ್ನು ಹೇಳುತ್ತದೆ. ಹೀಬ್ರೂ ರಚನೆಗೆ ಇದಕ್ಕಿಂತ ಹತ್ತಿರದ ಸಾಟಿ ಇಂಗ್ಲಿಷಿನಲ್ಲಿ ಸಿಗುವುದು ಕಷ್ಟ.

2 ಸಮುವೇಲದ ಕೊನೆಯ ಅಧ್ಯಾಯದಲ್ಲಿ ವಿರೋಧದ ಒಂದು ಪಕ್ಷ ಮಾತ್ರ ಬಾಯಿಬಿಟ್ಟು ಬಂದಿದೆ. ಅರೌನನ ಕಣವನ್ನು ಬಲಿಪೀಠಕ್ಕಾಗಿ ಕೇಳಲು ದಾವೀದ ಬಂದಾಗ ಅರೌನ ಕಣ, ಎತ್ತು, ಸೌದೆ ಎಲ್ಲವನ್ನೂ ಹಾಗೆಯೇ ಕೊಡಮಾಡುತ್ತಾನೆ. ದಾವೀದನ ಉತ್ತರದಲ್ಲಿ ‘ಕಾನೋ ಎಕ್ನೆ’ ಎಂಬ ಜೋಡಿಯಿದೆ, ‘ಕೊಳ್ಳುವುದು’ ಅದರ ಧಾತು. ಒತ್ತಿನ ಅರ್ಥ ‘ದಾನವಾಗಿ ಬೇಡ, ಕೊಂಡೇ ತೀರುತ್ತೇನೆ’ ಎಂದು. ಅವನು 50 ಶೆಕೆಲ್ ಬೆಳ್ಳಿ ಕೊಟ್ಟನೆಂದು ಕಥೆ ಮುಗಿಯುತ್ತದೆ.

ಸಂಸೋನನ ಪ್ರಸಂಗದಲ್ಲಿ ಕಂಡಂತೆ ನಿಷೇಧದ ‘ಲೋ’ ಸಾಮಾನ್ಯವಾಗಿ ಎರಡು ಪದಗಳ ನಡುವೆ ಕ್ರಿಯಾಪದಕ್ಕೆ ಒತ್ತಿ ಬರುತ್ತದೆ. ಅದು ಜೋಡಿಗಿಂತ ಮುಂಚೆ ಬರುವುದು ಅಪರೂಪ. ಅಂಥ ಅಪರೂಪದ ಕಡೆಗಳಲ್ಲಿ ಒಂದು ಆದಿಕಾಂಡ 3ರಲ್ಲಿ ಹಾವು ಹೆಂಗಸಿಗೆ ಹೇಳುವ ‘ಲೋ ಮೋತ್ ತೆಮುತೂನ್’. ದೇವರ ವಿಧಿಯ ಜೋಡಿಯನ್ನು ಬಿಡಿಸದೆ ಹಾಗೇ ಎತ್ತಿಕೊಂಡು ಅದರ ತಲೆಗೆ ‘ಇಲ್ಲ’ ಎಂದು ಹಚ್ಚಿದಂತೆ ಇದೆ ಎಂಬ ವಿವರಣೆ ಒಪ್ಪುವಂಥದ್ದು. ಹಾಗೆ ಓದಿದರೆ ಹಾವು ಅಲ್ಲಗಳೆಯುತ್ತಿರುವುದು ಆ ವಿಧಿಯನ್ನೇ.

ಜೋಡಿಯಲ್ಲಿ ಎರಡು ಪದಗಳೂ ಒಂದೇ ಬಿನ್ಯಾನಿನಲ್ಲಿರುವುದು ವಾಡಿಕೆ, ಆದರೆ ಕಡ್ಡಾಯವಲ್ಲ. ಕಾನೂನಿನ ಭಾಗಗಳಲ್ಲಿ ಮತ್ತೆಮತ್ತೆ ಬರುವ ‘ಮೋತ್ ಯೂಮಾತ್’ ಎಂಬಲ್ಲಿ ಕ್ರಿಯಾಪದ ಕರ್ಮಣಿಯಲ್ಲಿದೆ, ‘ಕೊಲ್ಲಲ್ಪಡಬೇಕು’ ಎಂದು. ಭಾವರೂಪ ಮಾತ್ರ ಸರಳ ಬಿನ್ಯಾನಿನ ‘ಸಾಯುವುದು’. ಮಗ ಯೋಸೇಫನ ರಕ್ತ ಹತ್ತಿದ ಅಂಗಿಯನ್ನು ನೋಡಿ ಯಾಕೋಬ ಕೂಗುವ ‘ತಾರೋಫ್ ತೋರಾಫ್’ ಸಹ ಹೀಗೆಯೇ: ‘ಸೀಳುವುದು’ ಎಂಬ ಸರಳ ರೂಪ, ‘ಸೀಳಲ್ಪಟ್ಟ’ ಎಂಬ ಕರ್ಮಣಿ. ನಿರಪೇಕ್ಷ ಭಾವರೂಪ ಬರಿಯ ಧಾತ್ವರ್ಥವನ್ನು ಹೊತ್ತಿರುವುದರಿಂದ ಕರ್ತರಿ, ಕರ್ಮಣಿ ಎಂಬ ಭೇದ ಅದಕ್ಕೆ ಅಡ್ಡಿಯಾಗದು.

ರೀತಿ ಮತ್ತು ಮುಂದುವರಿಕೆ

ಭಾವರೂಪ ಕ್ರಿಯಾಪದದ ನಂತರ ಬಂದಾಗ ಅರ್ಥ ಬೇರೆ ದಿಕ್ಕಿಗೆ ಹೊರಳಬಹುದು. ಆದರೆ ಇಲ್ಲಿ ಸ್ಥಾನವೊಂದನ್ನೇ ನಂಬುವಂತಿಲ್ಲ. ವಿಧಿರೂಪದೊಡನೆ ಬರುವಾಗಲೂ, ಕಥನದಲ್ಲಿ ‘ಮತ್ತು’ ಎಂಬುದನ್ನು ತನ್ನೊಳಗೇ ಸೇರಿಸಿಕೊಂಡು ವಾಕ್ಯ ತೆರೆಯುವ ಕ್ರಿಯಾರೂಪದೊಡನೆ ಬರುವಾಗಲೂ ಭಾವರೂಪ ಹಿಂದೆಯೇ ನಿಲ್ಲಬೇಕಾಗುತ್ತದೆ. ಅಂಥಲ್ಲಿ ಅದು ಬರಿಯ ಒತ್ತೂ ಆಗಿರಬಹುದು. ಮುಂದುವರಿಕೆ ಅಥವಾ ರೀತಿಯ ಅರ್ಥ ಸ್ಪಷ್ಟವಾಗಿ ಗೊತ್ತಾಗುವುದು, ಕ್ರಿಯಾಪದದ ಹಿಂದೆ ಒಂದರ ಬದಲು ಎರಡು ಭಾವರೂಪಗಳು ‘ಮತ್ತು’ ಎಂಬುದರಿಂದ ಕೂಡಿ ಬಂದಾಗ. ಮೊದಲನೆಯದು ಹೆಚ್ಚಾಗಿ ‘ಹಾಲೋಖ್’, ನಡೆಯುವುದು. ಎರಡನೆಯದು ನಡಿಗೆಯ ಜೊತೆಗೇ ನಡೆಯುತ್ತಿರುವ ಇನ್ನೊಂದು ಕೆಲಸ.

1 ಸಮುವೇಲ 6ನೆಯ ಅಧ್ಯಾಯದಲ್ಲಿ ಫಿಲಿಷ್ಟಿಯರು ಒಡಂಬಡಿಕೆಯ ಮಂಜೂಷವನ್ನು ಹೊಸ ಬಂಡಿಯಲ್ಲಿಟ್ಟು, ಹಾಲು ಕೊಡುವ ಎರಡು ಹಸುಗಳನ್ನು ಹೂಡಿ, ಕರುಗಳನ್ನು ಮನೆಯಲ್ಲೇ ಕಟ್ಟಿಹಾಕುತ್ತಾರೆ. ಹಸುಗಳು ಎಡಬಲಕ್ಕೆ ತಿರುಗದೆ ಬೇತ್ಷೆಮೆಷಿನ ದಾರಿ ಹಿಡಿಯುತ್ತವೆ. ಅವು ಹೋದ ರೀತಿಯನ್ನು ಹೇಳುವ ಪದಗಳು ‘ಹಾಲೋಖ್ ವೆಗಾಓ’: ನಡೆಯುತ್ತ, ಅಂಬಾ ಎನ್ನುತ್ತ. ಕಾಲು ಮುಂದಕ್ಕೆ, ಕರುಳು ಹಿಂದಕ್ಕೆ; ಈ ಸೆಳೆತವನ್ನು ಎರಡು ಭಾವರೂಪಗಳು ಹಿಡಿದಿಟ್ಟಿವೆ. 2 ಸಮುವೇಲ 3ರಲ್ಲಿ ಮೀಕಲಳನ್ನು ಗಂಡ ಪಲ್ಟೀಯೇಲನಿಂದ ಬಿಡಿಸಿ ದಾವೀದನ ಬಳಿಗೆ ಕರೆದೊಯ್ಯುವಾಗ ಅವನು ಬಹುರೀಮಿನವರೆಗೂ ಅವಳ ಹಿಂದೆ ಹೋಗುತ್ತಾನೆ, ‘ಹಾಲೋಖ್ ಉಬಾಖೋ’, ನಡೆಯುತ್ತ ಅಳುತ್ತ. ಸತ್ತ ಸಿಂಹದೊಳಗಿನ ಜೇನನ್ನು ಅಂಗೈಗೆ ತೆಗೆದುಕೊಂಡ ಸಂಸೋನ ಹೋಗುವುದು ‘ಹಾಲೋಖ್ ವೆಆಖೋಲ್’, ನಡೆಯುತ್ತ ತಿನ್ನುತ್ತ. ಕನ್ನಡದ ‘ಉತ್ತ’ ಪ್ರತ್ಯಯದ ಜೋಡಿ ಈ ಮೂರು ಕಡೆಯೂ ಎಳೆ ಬಿಡದೆ ಹೊಂದುತ್ತದೆ.

ನಡೆಯುವವರೇ ಇಲ್ಲದ ಕಡೆ ‘ಹಾಲೋಖ್’ ತನ್ನ ಪದಾರ್ಥವನ್ನು ಕಳೆದುಕೊಂಡು, ಕನ್ನಡದ ‘ಕಡಿಮೆಯಾಗುತ್ತಾ ಹೋಯಿತು’ ಎಂಬಲ್ಲಿನ ‘ಹೋಗು’ ಧಾತುವಿನಂತೆ ಬರಿಯ ಮುಂದುವರಿಕೆಯನ್ನು ಸೂಚಿಸುತ್ತದೆ. ಆದಿಕಾಂಡ 8ರಲ್ಲಿ ಜಲಪ್ರಳಯದ ನೀರು ಇಳಿಯುವುದು ‘ಹಾಲೋಖ್ ವಾಶೋವ್’. ‘ಶೋವ್’ ಎಂದರೆ ಹಿಂತಿರುಗುವುದು. ನೀರು ಸರಿಯುತ್ತಾ ಸರಿಯುತ್ತಾ ಹೋಯಿತು ಎಂಬುದು ಒಟ್ಟು ಅರ್ಥ.

ಕೆಲವು ಭಾವರೂಪಗಳು ರೀತಿಯನ್ನು ಹೇಳಿ ಹೇಳಿ ಪೂರ್ತಿ ಕ್ರಿಯಾವಿಶೇಷಣಗಳೇ ಆಗಿಹೋದವು. ‘ಹೆಚ್ಚಿಸುವುದು’ ಎಂಬರ್ಥದ ‘ಹರ್ಬೇ’ ‘ಬಹಳ’ ಆಯಿತು, ‘ಒಳ್ಳೆಯದು ಮಾಡುವುದು’ ಎಂಬ ‘ಹೇತೇವ್’ ‘ಚೆನ್ನಾಗಿ’ ಆಯಿತು, ‘ಅವಸರಿಸುವುದು’ ಎಂಬ ‘ಮಹೇರ್’ ‘ಬೇಗ’ ಆಯಿತು.

ಕ್ರಿಯಾಪದದ ಸ್ಥಾನದಲ್ಲಿ

ಕ್ರಿಯಾಪದವೇ ಇಲ್ಲದೆ ಭಾವರೂಪ ಒಂದೇ ವಾಕ್ಯವನ್ನು ಹೊರುವುದೂ ಉಂಟು. ಹತ್ತು ಕಟ್ಟಳೆಗಳಲ್ಲಿ ಸಬ್ಬತ್ ದಿನದ ಕಟ್ಟಳೆ ವಿಮೋಚನಕಾಂಡ 20ರಲ್ಲಿ ‘ಜಾಖೋರ್’ ಎಂದೂ ಧರ್ಮೋಪದೇಶಕಾಂಡ 5ರಲ್ಲಿ ‘ಶಾಮೋರ್’ ಎಂದೂ ಆರಂಭವಾಗುತ್ತದೆ. ಎರಡೂ ವಿಧಿರೂಪಗಳಲ್ಲ, ನಿರಪೇಕ್ಷ ಭಾವರೂಪಗಳು. ‘ನೆನೆಯುವುದು’, ‘ಕಾಯುವುದು’ ಎಂದಷ್ಟೇ ಹೇಳಿದರೂ ಆಜ್ಞೆಯಾಗುತ್ತದೆ. ಕಚೇರಿಯ ಗೋಡೆಯ ಮೇಲೆ ‘ಸರದಿಯಲ್ಲಿ ನಿಲ್ಲುವುದು’ ಎಂದು ಬರೆದಾಗ ಕನ್ನಡದಲ್ಲಿಯೂ ಭಾವನಾಮವೇ ಆಜ್ಞೆಯ ಕೆಲಸ ಮಾಡುತ್ತದೆ. ಅದು ಎದುರಿಗಿರುವ ಒಬ್ಬನಿಗೆ ಹೇಳಿದ್ದಾಗಿರದೆ ಯಾವಾಗಲೂ ಎಲ್ಲರಿಗೂ ಸಲ್ಲುತ್ತದೆ. ಈ ಎರಡು ಪದಗಳೂ ಒಂದೇ ಉಸಿರಿನಲ್ಲಿ ನುಡಿಯಲ್ಪಟ್ಟವು ಎಂದು ಯೆಹೂದಿ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುಡ್ ಹೇಳುತ್ತದೆ. 16ನೆಯ ಶತಮಾನದಲ್ಲಿ ಸಫೇದ್ ಊರಿನ ಶ್ಲೋಮೋ ಅಲ್ಕಬೆಟ್ಸ್ ರಚಿಸಿದ ‘ಲೆಖಾ ದೋದಿ’ ಎಂಬ ಸಬ್ಬತ್ ಸ್ವಾಗತದ ಹಾಡಿನಲ್ಲಿ ಆ ನಂಬಿಕೆ ಸೇರಿದೆ.

ನೆರೆಯ ಭಾಷೆಗಳು, ಅನುವಾದ, ವ್ಯಾಖ್ಯಾನ

ಈ ರಚನೆ ಹೀಬ್ರೂವಿಗೆ ಮಾತ್ರ ಸೇರಿದ್ದಲ್ಲ. ಅಕ್ಕಾಡಿಯನ್ ಮತ್ತು ಉಗಾರಿಟಿಕ್ ಭಾಷೆಗಳಲ್ಲಿಯೂ ಕ್ರಿಯಾಪದಕ್ಕೆ ಮುಂಚೆ ಅದೇ ಧಾತುವಿನ ಭಾವರೂಪ ಬರುತ್ತದೆ. ಅರಬ್ಬಿಯಲ್ಲಿ ಕ್ರಿಯಾಪದದ ನಂತರ ಅದೇ ಧಾತುವಿನ ಭಾವನಾಮ ಬರುವ ‘ಮಫ್ಊಲ್ ಮುತ್ಲಕ್’ ಇದರ ಹತ್ತಿರದ ಬಂಧು. ಗ್ರೀಕಿನಲ್ಲಿ ಇಂಥ ಸಾಧನವಿಲ್ಲದ್ದರಿಂದ, ಸೆಪ್ಟುವಾಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದವನ್ನು ಮಾಡಿದವರು ‘ಮೋತ್ ತಾಮೂತ್’ ಎಂಬುದಕ್ಕೆ ‘ಸಾವಿನಿಂದ ಸಾಯುವಿರಿ’ ಎಂಬಂಥ ರಚನೆ ಮಾಡಿಕೊಂಡರು, ಲ್ಯಾಟಿನಿನಲ್ಲಿ ಅನುವಾದಿಸಿದ ಜೆರೋಮನೂ ಅದೇ ದಾರಿ ಹಿಡಿದ. ಕೆಲವು ಕಡೆ ಗ್ರೀಕ್ ಅನುವಾದಕರು ‘ಆಶೀರ್ವದಿಸುತ್ತ ಆಶೀರ್ವದಿಸುವೆನು’ ಎಂಬಂತೆ ಕೃದಂತವನ್ನೂ ಬಳಸಿದರು. ಎರಡು ಸಾವಿನ ಕಲ್ಪನೆಗೆ ಇಂಥ ಅಕ್ಷರಶಃ ಅನುವಾದಗಳು ದಾರಿ ಮಾಡಿಕೊಟ್ಟಿರುವುದು ಸಹಜ.

ಯೆಹೂದಿ ರಬ್ಬಿಗಳಲ್ಲಿ ಈ ಜೋಡಿಯ ಬಗ್ಗೆ ಗಂಭೀರವಾದ ಚರ್ಚೆ ನಡೆದಿತ್ತು. ಶಾಸ್ತ್ರದಲ್ಲಿ ಒಂದಕ್ಷರವೂ ವ್ಯರ್ಥವಿಲ್ಲ ಎಂದ ರಬ್ಬಿ ಅಕೀವ, ‘ಹಿಕ್ಕಾರೇತ್ ತಿಕ್ಕಾರೇತ್’ ಎಂಬ ಜೋಡಿಯ ಒಂದು ಪದವನ್ನು ಈ ಲೋಕದಲ್ಲಿ ಕಡಿದುಹಾಕುವುದಕ್ಕೂ ಇನ್ನೊಂದನ್ನು ಬರಲಿರುವ ಲೋಕದಲ್ಲಿ ಕಡಿದುಹಾಕುವುದಕ್ಕೂ ಅನ್ವಯಿಸಿದ. ರಬ್ಬಿ ಇಷ್ಮಾಯೇಲ ಒಪ್ಪಲಿಲ್ಲ. ಶಾಸ್ತ್ರ ಮನುಷ್ಯರು ಆಡುವ ಭಾಷೆಯಲ್ಲೇ ಮಾತಾಡಿದೆ, ಜೋಡಿ ಪದ ಬರಿಯ ಮಾತಿನ ರೀತಿ ಎಂಬುದು ಅವನ ನಿಲುವು. ವ್ಯಾಕರಣದ ದೃಷ್ಟಿಯಿಂದ ಸರಿಯಾಗಿದ್ದವನು ಇಷ್ಮಾಯೇಲನೇ. ಆದರೂ ಅಕೀವನ ಬಗೆಯ ಓದಿನಿಂದ ಹುಟ್ಟಿದ ನಿಯಮಗಳಲ್ಲಿ ಮರುಕವುಳ್ಳವೂ ಇವೆ. ಕಳೆದುಹೋದ ದನವನ್ನು ಒಡೆಯನಿಗೆ ಮರಳಿಸಬೇಕೆಂಬ ಕಟ್ಟಳೆಯಲ್ಲಿ ‘ಹಾಶೇವ್ ತೆಶೀವೇಮ್’ ಎಂದು ಎರಡು ಸಲ ಬಂದಿದೆ. ದನ ನೂರು ಸಲ ತಪ್ಪಿಸಿಕೊಂಡರೂ ನೂರು ಸಲವೂ ಮರಳಿಸಬೇಕು ಎಂದು ತಾಲ್ಮುಡ್ ಅದರಿಂದ ನಿರ್ಣಯಿಸಿತು.

ಈ ಚರ್ಚೆ ನಡೆಯುವ ಹೊತ್ತಿಗೆ ರಬ್ಬಿಗಳ ಸ್ವಂತ ಹೀಬ್ರೂವಿನಿಂದ ಈ ರೂಪ ಮರೆಯಾಗಿತ್ತು. ಬೈಬಲ್ಲಿನ ಕೊನೆಗಾಲದ ಗ್ರಂಥಗಳಲ್ಲೇ ಅದರ ಬಳಕೆ ತಗ್ಗಿತ್ತು, ರಬ್ಬಿಗಳ ಗ್ರಂಥವಾದ ಮಿಶ್ನಾದ ಭಾಷೆಯಲ್ಲಿ ಅದು ಜೀವಂತ ರೂಪವಾಗಿ ಉಳಿಯಲಿಲ್ಲ. ಬಾಯಲ್ಲಿ ಇಲ್ಲದ ರಚನೆ ಶಾಸ್ತ್ರದಲ್ಲಿ ಕಂಡಾಗ ಅದರಲ್ಲಿ ಗುಟ್ಟೊಂದಿರಬೇಕೆಂದು ಅನಿಸುವುದು ಸುಲಭ.

ಇಂದಿನ ಇಸ್ರೇಲಿನ ಆಡುಮಾತಿನಲ್ಲಿ ಒತ್ತಿನ ಜೋಡಿಯನ್ನು ಹೊಸದಾಗಿ ಕಟ್ಟುವವರಿಲ್ಲ. ಗ್ರಾಂಥಿಕ ಬರವಣಿಗೆಯಲ್ಲಿ ಅದು ಆಗೀಗ ಕಾಣುತ್ತದೆ. ಆದರೆ ಹಳೆಯ ಭಾವರೂಪಗಳು ಪದಗಳಾಗಿ ಗಟ್ಟಿಗೊಂಡು ಉಳಿದಿವೆ. ‘ಹರ್ಬೇ’, ‘ಮಹೇರ್’ ದಿನವೂ ಕಿವಿಗೆ ಬೀಳುವ ಮಾತುಗಳು. ಪ್ರಳಯದ ನೀರು ಇಳಿದ ರೀತಿಯನ್ನು ಹೇಳಿದ ‘ಹಾಲೋಖ್ ವಾಶೋವ್’ ತನ್ನ ಎರಡು ಧಾತುಗಳ ನೇರ ಅರ್ಥಕ್ಕೆ ಮರಳಿ, ಹೋಗಿ ಬರುವ ಪ್ರಯಾಣಕ್ಕೆ ಹೆಸರಾಗಿದೆ; ಎರಡು ಕಡೆಯ ಟಿಕೆಟ್ ಕೊಳ್ಳುವವರು ಕೇಳುವುದು ಆ ಹೆಸರಿನಿಂದಲೇ.